ಆ್ಯಪ್ ಅಳಿಸಿದರೆ ಸಾಲದು

ಮಗ ಓದುವ ಬಾಗಲಕೋಟೆಯ ರೂಮಿನಲ್ಲೊಂದು ಟಿ.ವಿ., ಇಳಕಲ್ಲಿನ ಮನೆಯಲ್ಲೊಂದು ಟಿ.ವಿ., ಅಪ್ಪ–ಮಗನ ಎರಡು ಮೊಬೈಲ್ ಇವೆ ಎಂದುಕೊಳ್ಳಿ. ಮನೆಯ ಹಳೆಯ ಟಿ.ವಿ.ಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಂದರೆ, ಪ್ರೈಮ್ ವಿಡಿಯೊ ಲಾಗಿನ್ ಆಗುವುದಿಲ್ಲ. ಆಗ ‘ಪಾಸ್‌ವರ್ಡ್ ಯಾರಿಗೆ ಕೊಟ್ಟೆ?’ ಎಂದು ಮಗನ ಮೇಲೆ ರೇಗಾಟ.

ತಪ್ಪು ಅಲ್ಲಿಲ್ಲ. 2025ರ ಜನವರಿಯಿಂದ ಭಾರತದಲ್ಲಿ ಈ ಖಾತೆಗೆ ಐದು ಸಾಧನಗಳ ಮಿತಿಯಿದೆ, ಅದರಲ್ಲಿ ಟಿ.ವಿ. ಎರಡೇ. ಅಂಗಡಿಗೆ ಹೋದ ಹಳೆಯ ಟಿ.ವಿ. ಪಟ್ಟಿಯಲ್ಲಿ ಹಾಗೇ ಕೂತಿರುತ್ತದೆ. ಹೀಗಾಗಿ ಹೊಸದು ಮೂರನೆಯದಾಗುತ್ತದೆ. ಮೊಬೈಲ್ ಒಂದನ್ನು ತೆಗೆದರೆ ಪ್ರಯೋಜನವಿಲ್ಲ, ಟಿ.ವಿ.ಯನ್ನೇ ತೆಗೆಯಬೇಕು. ಆ್ಯಪ್ ಅಳಿಸಿದರೂ ನೋಂದಣಿ ಅಳಿಯಿತೆಂದು ನಂಬಬೇಡಿ.

ಹಳೆಯ ಟಿ.ವಿ. ಕೈಯಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ. ಮೊಬೈಲ್ ಬ್ರೌಸರಿನಲ್ಲಿ primevideo.com ತೆರೆದು, Account & Settings ಒಳಗೆ Your Devices ನೋಡಿ. ಹಳೆಯ ಟಿ.ವಿ.ಯ ಮುಂದಿನ Deregister ಒತ್ತಿ, ಹೊಸದರಲ್ಲಿ ಮತ್ತೆ ಲಾಗಿನ್ ಮಾಡಿ. ರೂಮಿನ ಟಿ.ವಿ. ಲಾಗಿನ್ ಕೇಳತೊಡಗಿದರೆ, ನೀವು ತೆಗೆದದ್ದು ತಪ್ಪು ಹೆಸರು ಎಂದರ್ಥ.

ಮಿತಿ ಹಾಕುವುದು ಕಂಪನಿಯ ಹಕ್ಕೇ ಇರಬಹುದು. ಆದರೆ ತಡೆಯುವ ಪರದೆಯಲ್ಲೇ ‘ಯಾವುದನ್ನು ತೆಗೆಯಲಿ?’ ಎಂದು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಅಲ್ಲಿಯವರೆಗೆ ರೂಮು ಬಿಡುವಾಗ, ಟಿ.ವಿ. ಮಾರುವಾಗ ಕೀಲಿಗಿಂತ ಮೊದಲು ಲಾಗಿನ್ ವಾಪಸ್ ಪಡೆಯಿರಿ. ಇಲ್ಲವಾದರೆ ನಿಮ್ಮ ದುಡ್ಡಿನಲ್ಲಿ ಇನ್ನಾರೋ ಸಿನಿಮಾ ನೋಡಿಯಾರು.