ಕನ್ನಡ ಓದಲಾರದ ಮುದ್ರಕರಿಗೆ ಒಂದು ಇ-ಮೇಲ್

ತಾಳವಾಡಿಯ ಕನ್ನಡ ಶಾಲೆಯೊಂದು ತನ್ನ ವಾರ್ಷಿಕ ಸಂಚಿಕೆಯನ್ನು ಶಿವಕಾಶಿಯ ಮುದ್ರಣಾಲಯವೊಂದರಲ್ಲಿ ಅಚ್ಚು ಹಾಕಿಸುತ್ತಿದೆ ಎಂದು ಭಾವಿಸಬಹುದು. ಮುದ್ರಕರು ತಮ್ಮ ಕೆಲಸದಲ್ಲಿ ನುರಿತವರು. ಆದರೆ ಅವರಲ್ಲಿ ಕನ್ನಡ ಬಲ್ಲವರಿಲ್ಲ. ಮೊದಲ ಸಲ ಶಾಲೆಯವರು ಮಕ್ಕಳ ಹೆಸರುಗಳ ಪಟ್ಟಿಯನ್ನು ವರ್ಡ್ ಕಡತದಲ್ಲಿ ಕಳುಹಿಸಿದರು. ಮುದ್ರಣಾಲಯದವರು ಅದನ್ನು ತಮ್ಮ ಇನ್‌ಡಿಸೈನ್ ಪುಟಕ್ಕೆ ಅಂಟಿಸಿದರು. ಮರಳಿ ಬಂದ ಮಾದರಿಯಲ್ಲಿ ‘ಲಕ್ಷ್ಮಿ’ ಎಂಬ ಹುಡುಗಿ ‘ಲಕ್‌ಷ್‌ಮಿ’ ಆಗಿದ್ದಳು, ‘ಪುಟ್ಟಸ್ವಾಮಿ’ ಎಂಬ ಹುಡುಗ ‘ಪುಟ್‌ಟಸ್‌ವಾಮಿ’ ಆಗಿದ್ದ. ಅಕ್ಷರ ಒಂದೂ ಕಳೆದುಹೋಗಿರಲಿಲ್ಲ. ಒತ್ತು ಮಾತ್ರ ಕೆಳಗೆ ಇಳಿದಿರಲಿಲ್ಲ.

ಇದರಲ್ಲಿ ಮುದ್ರಕರ ಉದಾಸೀನವನ್ನು ಹುಡುಕಬೇಕಾಗಿಲ್ಲ. ಕನ್ನಡದ ಪಠ್ಯವು ಗಣಕದೊಳಗೆ ಉಚ್ಚಾರಣೆಯ ಕ್ರಮದಲ್ಲಿ, ವ್ಯಂಜನ, ವಿರಾಮಚಿಹ್ನೆ, ಮತ್ತೊಂದು ವ್ಯಂಜನ ಎಂಬಂತೆ ಬಿಡಿಬಿಡಿಯಾಗಿ ಇರುತ್ತದೆ. ಅದನ್ನು ಕೂಡಿಸಿ ಒತ್ತಕ್ಷರದ ರೂಪ ಕೊಡುವ ಕೆಲಸ ಫಾಂಟ್ ಮತ್ತು ತಂತ್ರಾಂಶಗಳಿಗೆ ಸೇರಿದ್ದು. ಇನ್‌ಡಿಸೈನ್‌ನಲ್ಲಿ ಇದಕ್ಕೆ `Adobe World-Ready Paragraph Composer` ಎಂಬ ಆಯ್ಕೆಯೇ ಬೇಕು. ಇಂಗ್ಲಿಷಿಗೆಂದು ಇರುವ ಸಾಮಾನ್ಯ ಆಯ್ಕೆಯಲ್ಲಿ ಒತ್ತುಗಳು ಕೂಡುವುದಿಲ್ಲ. ಭಾಷೆ ತಿಳಿಯದವರಿಗೆ ಆ ವ್ಯತ್ಯಾಸ ಕಣ್ಣಿಗೆ ಬೀಳುವುದೂ ಇಲ್ಲ.

ಆದ್ದರಿಂದ ಎರಡನೆಯ ಸಲ ಶಾಲೆಯ ಶಿಕ್ಷಕಿ ಪುಟವಿನ್ಯಾಸವನ್ನು ಊರಿನ ಡಿ.ಟಿ.ಪಿ. ಕೇಂದ್ರದಲ್ಲಿಯೇ ಮುಗಿಸಿ, ಅಚ್ಚಿಗೆ ಸಿದ್ಧವಾದ ಪಿಡಿಎಫ್ ಮಾಡಿಸಿದರು. ಜೊತೆಗೆ ಒಂದು ಇ-ಮೇಲ್ ಬರೆದರು. ಬರೆದದ್ದು ತಮಿಳಿನಲ್ಲಿ, ಅದರ ಸಾರಾಂಶ ಕನ್ನಡದಲ್ಲಿ ಹೀಗಿದೆ:

“ಮಾನ್ಯರೇ, ಇದರೊಂದಿಗೆ ಎರಡು ಕಡತಗಳಿವೆ. `cover.pdf` ಎಂಬುದರಲ್ಲಿ ರಕ್ಷಾಪುಟದ ನಾಲ್ಕು ಪುಟಗಳೂ `pages.pdf` ಎಂಬುದರಲ್ಲಿ ಒಳಗಿನ 48 ಪುಟಗಳೂ ಇವೆ. ಎಲ್ಲವೂ ಬಿಡಿ ಪುಟಗಳು. ಹಾಳೆಯ ಮೇಲಿನ ಜೋಡಣೆಯನ್ನು ತಾವೇ ಮಾಡಿಕೊಳ್ಳಬೇಕು. ಕತ್ತರಿಸಿದ ಮೇಲಿನ ಅಳತೆ ಎ4, ಅಂದರೆ 210 x 297 ಮಿ.ಮೀ. ನಾಲ್ಕು ಬದಿಗೂ 3 ಮಿ.ಮೀ. ಬ್ಲೀಡ್ ಇರುವುದರಿಂದ ಕಡತದಲ್ಲಿ ಪುಟದ ಅಳತೆ 216 x 303 ಮಿ.ಮೀ. ಎಂದು ಕಾಣುತ್ತದೆ. ದಯವಿಟ್ಟು ಅದನ್ನು ಎ4ಗೆ ಕುಗ್ಗಿಸಬಾರದು.”

ಕೊನೆಯ ವಾಕ್ಯ ಸಣ್ಣದಾದರೂ ಅಗತ್ಯವಾದದ್ದು. ಅಚ್ಚಾದ ಹಾಳೆಗಳನ್ನು ಕಟ್ಟುಕಟ್ಟಾಗಿ ಜೋಡಿಸಿ ಕತ್ತರಿಸುವಾಗ ಹಾಳೆ ಒಂದಿಷ್ಟು ಸರಿಯುವುದು ಸಹಜ. ಬಣ್ಣವು ಸರಿಯಾಗಿ ಅಂಚಿನಲ್ಲಿಯೇ ನಿಂತಿದ್ದರೆ ಅರ್ಧ ಮಿಲಿಮೀಟರ್ ಸರಿದರೂ ರಕ್ಷಾಪುಟದ ಬದಿಯಲ್ಲಿ ಬಿಳಿಯ ಗೆರೆ ಉಳಿಯುತ್ತದೆ. ಬಣ್ಣ ಅಂಚನ್ನು ದಾಟಿ 3 ಮಿ.ಮೀ. ಹೊರಗೆ ಚಾಚಿದ್ದರೆ ಕತ್ತಿ ಎಲ್ಲಿ ಬಿದ್ದರೂ ಬಣ್ಣದ ಮೇಲೆಯೇ ಬೀಳುತ್ತದೆ. ಹೀಗೆ ಕತ್ತರಿಸಿ ಎಸೆಯಲೆಂದೇ ಬಿಡುವ ಹೆಚ್ಚುವರಿ ಅಂಚಿಗೆ ಬ್ಲೀಡ್ ಎನ್ನುತ್ತಾರೆ.

ಈ ಸಂಚಿಕೆಯ ರಕ್ಷಾಪುಟದಲ್ಲಿ ಬೆಟ್ಟದ ಸಾಲಿನ ಚಿತ್ರವಿದೆ. ಮೊದಲ ವಿನ್ಯಾಸದಲ್ಲಿ ಅದು ಎ4 ಅಳತೆಗೆ ಸರಿಯಾಗಿ ನಿಂತಿತ್ತು. ಇಡೀ ಪುಟವನ್ನೇ ಹಿಗ್ಗಿಸಿ 216 x 303 ಮಾಡಿದರೆ ಸಾಕಲ್ಲವೇ ಎಂದು ಯಾರಿಗಾದರೂ ತೋರಬಹುದು. ಆದರೆ ಅಗಲ ಶೇಕಡ 2.9ರಷ್ಟೂ ಎತ್ತರ ಶೇಕಡ 2ರಷ್ಟೂ ಹೆಚ್ಚಬೇಕಾಗುವುದರಿಂದ ಚಿತ್ರವೂ ಅಕ್ಷರವೂ ಸೊಟ್ಟಗಾಗುತ್ತವೆ. ಅಂಚಿಗೆ ಸಮೀಪವಿದ್ದ ಶಾಲೆಯ ಹೆಸರು ಇನ್ನಷ್ಟು ಅಂಚಿಗೆ ಸರಿಯುತ್ತದೆ. ಡಿ.ಟಿ.ಪಿ.ಯವರು ಮಾಡಿದ್ದು ಬೇರೆ. ಅಕ್ಷರಗಳನ್ನು ಮುಟ್ಟದೆ ಚಿತ್ರದ ಚೌಕಟ್ಟನ್ನಷ್ಟೇ ನಾಲ್ಕು ಕಡೆಗೂ 3 ಮಿ.ಮೀ. ಹೊರಗೆ ಎಳೆದರು. ಮೂಲ ಛಾಯಾಚಿತ್ರದಲ್ಲಿ ಆಕಾಶವೂ ಕಾಡೂ ಸಾಕಷ್ಟು ಇದ್ದುದರಿಂದ ಚೌಕಟ್ಟು ತುಂಬಿತು. ಶಾಲೆಯ ಹೆಸರನ್ನು ಕತ್ತರಿಸುವ ಗೆರೆಯಿಂದ 5 ಮಿ.ಮೀ.ಗಿಂತ ಹೆಚ್ಚು ಒಳಗೆ ಉಳಿಸಿಕೊಂಡರು. ಪಿಡಿಎಫ್ ಮಾಡುವಾಗ `Use Document Bleed Settings` ಎಂಬುದನ್ನು ಗುರುತಿಸಿದರು. ಅದನ್ನು ಮರೆತರೆ ವಿನ್ಯಾಸದಲ್ಲಿ ಬ್ಲೀಡ್ ಇದ್ದೂ ಕಡತಕ್ಕೆ ಬರುವುದಿಲ್ಲ. ಪಿಡಿಎಫ್‌ನ ಗುಣವಿವರಗಳಲ್ಲಿ ಪುಟದ ಅಳತೆ 210 x 297 ಎಂದೇ ಕಂಡರೆ ಆ ಮರೆವು ಆಗಿದೆ ಎಂದು ತಿಳಿಯಬೇಕು.

ಇ-ಮೇಲ್‌ನ ಮುಂದಿನ ಭಾಗ ಅಕ್ಷರಗಳದು.

“ಪಿಡಿಎಫ್ ಅನ್ನು `PDF/X-4` ಮಾದರಿಯಲ್ಲಿ ಮಾಡಲಾಗಿದೆ. ಬಳಸಿದ ಫಾಂಟ್ ನೋಟೋ ಸೆರಿಫ್ ಕನ್ನಡ. ಅದು ಕಡತದೊಳಗೇ ಅಡಕವಾಗಿದೆ. ತಮ್ಮ ಗಣಕದಲ್ಲಿ ಕನ್ನಡ ಫಾಂಟ್ ಹಾಕಿಕೊಳ್ಳುವ ಅಗತ್ಯವಿಲ್ಲ. ಕಡತವನ್ನು ತಿದ್ದಲೆಂದು ಇಲಸ್ಟ್ರೇಟರ್‌ನಲ್ಲಾಗಲಿ ಕೋರಲ್‌ಡ್ರಾದಲ್ಲಾಗಲಿ ತೆರೆಯಬೇಡಿ. ಕೋರಲ್‌ಡ್ರಾದಲ್ಲಿ ತೆರೆಯಲೇಬೇಕಾದರೆ, ಪಠ್ಯವನ್ನು ಹೇಗೆ ತರಬೇಕೆಂದು ಅದು ಕೇಳುವಾಗ `Curves` ಎಂಬುದನ್ನು ಆರಿಸಿಕೊಳ್ಳಿ. ತಿದ್ದುಪಡಿ ಬೇಕಿದ್ದರೆ ತಿಳಿಸಿ, ಇಲ್ಲಿಂದಲೇ ಹೊಸ ಪಿಡಿಎಫ್ ಕಳುಹಿಸುತ್ತೇವೆ.”

ಫಾಂಟ್ ಅಡಕವಾದ ಪಿಡಿಎಫ್‌ನಲ್ಲಿ ‘ಲಕ್ಷ್ಮಿ’ ಎಂಬ ಹೆಸರಿನ ಒತ್ತುಗಳು ಆಗಲೇ ಕೂಡಿಹೋಗಿರುತ್ತವೆ. ಯಾವ ಆಕೃತಿ ಪುಟದ ಯಾವ ಜಾಗದಲ್ಲಿ ನಿಲ್ಲಬೇಕು ಎಂಬ ಸೂಚನೆಯೂ ಆ ಆಕೃತಿಗಳೂ ಒಟ್ಟಿಗೆ ಕಡತದೊಳಗಿರುತ್ತವೆ. ಮುದ್ರಣಯಂತ್ರಕ್ಕೆ ಕನ್ನಡದ ವ್ಯಾಕರಣ ತಿಳಿಯಬೇಕಾಗಿಲ್ಲ, ಇಟ್ಟದ್ದನ್ನು ಇಟ್ಟಲ್ಲಿ ಒತ್ತಿದರೆ ಸಾಕು. ಆದರೆ ಅದೇ ಕಡತವನ್ನು ತಿದ್ದುವ ತಂತ್ರಾಂಶದಲ್ಲಿ ಪಠ್ಯವಾಗಿ ತೆರೆದರೆ, ಅದು ತನ್ನ ಗಣಕದಲ್ಲಿ ಆ ಫಾಂಟನ್ನು ಹುಡುಕುತ್ತದೆ. ಸಿಗದಿದ್ದರೆ ಬೇರೊಂದನ್ನು ತಂದು ಕೂರಿಸುತ್ತದೆ. ಆಗ ಮತ್ತೆ ಮೊದಲಿನ ಕಥೆಯೇ.

ಹಳೆಯ ನುಡಿ ಫಾಂಟುಗಳಲ್ಲಿ ಬೆರಳಚ್ಚಾದ ಲೇಖನಗಳು ಶಾಲೆಗಳಲ್ಲಿ ಇನ್ನೂ ಇರಬಹುದು. ಅವುಗಳಲ್ಲಿ ಕನ್ನಡದ ಆಕೃತಿಗಳು ರೋಮನ್ ಅಕ್ಷರಗಳ ಸಂಕೇತದ ಮೇಲೆ ಕೂತಿರುವುದರಿಂದ, ಫಾಂಟ್ ಬದಲಾದರೆ ಪುಟವಿಡೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಒಂದು ರೀತಿಯಲ್ಲಿ ಅದೇ ಲೇಸು. ಶಿವಕಾಶಿಯವರಿಗೂ ತಪ್ಪು ಕಾಣುತ್ತದೆ. ಒಡೆದ ಒತ್ತಕ್ಷರ ಹಾಗಲ್ಲ.

ಫಾಂಟ್ ಅಡಕವಾಗಿದೆಯೇ ಎಂದು ನೋಡಲು ಅಕ್ರೊಬ್ಯಾಟ್ ರೀಡರ್‌ನಲ್ಲಿ ಕಡತವನ್ನು ತೆರೆದು `Properties` ಒಳಗಿನ `Fonts` ಪುಟಕ್ಕೆ ಹೋಗಬೇಕು. ಪ್ರತಿ ಫಾಂಟಿನ ಹೆಸರಿನ ಮುಂದೆ `Embedded Subset` ಎಂದಿದ್ದರೆ, ಬಳಕೆಯಾದ ಆಕೃತಿಗಳೆಲ್ಲ ಒಳಗಿವೆ ಎಂದರ್ಥ. ಬರಿಯ ಹೆಸರಿದ್ದರೆ ಫಾಂಟ್ ಒಳಗಿಲ್ಲ. ಇಷ್ಟಾದರೂ ಈ ಪರೀಕ್ಷೆಗೊಂದು ಮಿತಿಯಿದೆ. ಪಿಡಿಎಫ್ ಮಾಡುವ ಮೊದಲೇ ಒತ್ತು ಒಡೆದಿದ್ದರೆ, ಒಡೆದ ರೂಪವೇ ಭದ್ರವಾಗಿ ಅಡಕವಾಗುತ್ತದೆ, `Fonts` ಪುಟವೂ ಎಲ್ಲ ಸರಿಯೆಂದೇ ಹೇಳುತ್ತದೆ. ಆದ್ದರಿಂದ ಕಡೆಯ ಕರಡನ್ನು ತಿದ್ದಬೇಕಾದದ್ದು ವರ್ಡ್ ಕಡತದಲ್ಲಿ ಅಲ್ಲ, ಪಿಡಿಎಫ್‌ನಲ್ಲಿ. ಅದೂ ಊರಿನಲ್ಲಿ, ಕನ್ನಡ ಓದಬಲ್ಲವರ ಕಣ್ಣಿನಲ್ಲಿ.

ಹೀಗೆ ಓದುವಾಗಲೇ ಇನ್ನೊಂದು ತೊಡಕು ಸಿಕ್ಕಿತು. ವರ್ಡ್‌ನಿಂದ ಬಂದ ಪಠ್ಯ `Word_R0_G0_B0` ಎಂಬ ಬಣ್ಣವನ್ನು ಜೊತೆಗೆ ತಂದಿತ್ತು. ಪರದೆಯಲ್ಲಿ ಅದು ಕಪ್ಪೇ. ಅಚ್ಚಿನಲ್ಲಿ ನಾಲ್ಕು ಶಾಯಿಗಳ ಮಿಶ್ರಣವಾಗುತ್ತದೆ. ನಾಲ್ಕೂ ಕೂದಲೆಳೆಯಷ್ಟು ಸರಿದರೆ ಸಣ್ಣ ಒತ್ತುಗಳ ಸುತ್ತ ಬಣ್ಣದ ನೆರಳು ಮೂಡುತ್ತದೆ. ಅಕ್ಷರಗಳನ್ನೆಲ್ಲ ಇನ್‌ಡಿಸೈನ್‌ನ `[Black]` ಬಣ್ಣಕ್ಕೆ ತಂದು, ಪಿಡಿಎಫ್ ಅನ್ನು ಮತ್ತೊಮ್ಮೆ ಮಾಡಲಾಯಿತು.

ಇ-ಮೇಲ್ ಮುಗಿಯುವುದು ಹೀಗೆ: “ವಿದ್ಯಾರ್ಥಿಗಳ ಹೆಸರುಗಳು 41ನೆಯ ಪುಟದಲ್ಲಿವೆ. ಆ ಪುಟದ ಚಿತ್ರವನ್ನು ಪ್ರತ್ಯೇಕವಾಗಿ ಲಗತ್ತಿಸಿದ್ದೇವೆ. ತಮ್ಮ ಮಾದರಿ ಪ್ರತಿಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಅಕ್ಷರದ ಕೆಳಗಿನ ಸಣ್ಣ ಆಕೃತಿಗಳು ಚಿತ್ರದಲ್ಲಿರುವಲ್ಲಿಯೇ ಇರಬೇಕು. ಆ ಒಂದು ಪುಟದ ಮಾದರಿಯನ್ನು ನಮಗೆ ಕಳುಹಿಸಿ, ಒಪ್ಪಿಗೆ ಬಂದ ಮೇಲೆ ಉಳಿದುದನ್ನು ಅಚ್ಚು ಹಾಕಿ.”