ಯಾರ ಜಾತಕ, ಯಾರ ಫಲ?

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಜನಿಸಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು, ಪವಾಡಗಳನ್ನೂ ಪರೀಕ್ಷೆಗೆ ಒಳಪಡಬಲ್ಲ ಇತರ ಮೂಢನಂಬಿಕೆಗಳನ್ನೂ ಶೋಧಿಸಲೆಂದು 1976ರಲ್ಲಿ ಸಮಿತಿಯೊಂದನ್ನು ರಚಿಸಿದಾಗ ನಾಡಿನಲ್ಲೆದ್ದ ವಾಗ್ವಾದವು ಇಂದಿಗೂ ಶಮನಗೊಂಡಿಲ್ಲ. 2017ರಲ್ಲಿ ರಾಜ್ಯದ ಶಾಸಕಾಂಗವು ಅಂಗೀಕರಿಸಿದ ವಾಮಾಚಾರ ಪ್ರತಿಬಂಧಕ ಕಾಯಿದೆಯು ಜ್ಯೋತಿಷಿಗಳ ಸಲಹೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಜ್ಯೋತಿಷವನ್ನು ಕಾಯಿದೆಯಿಂದ ನಿಷೇಧಿಸಬೇಕೆಂಬುದು ನನ್ನ ವಾದವಲ್ಲ. ಆದರೆ “ನನಗೆ ಹೇಳಿದ್ದೆಲ್ಲ ಅಕ್ಷರಶಃ ಸರಿಹೋಯಿತು” ಎಂಬ ಒಂದೇ ಮಾತು ಆ ಶಾಸ್ತ್ರದ ಪ್ರಾಮಾಣ್ಯಕ್ಕೆ ಸಾಕ್ಷಿಯಾಗಿ ನಿಂತಿರುವುದನ್ನು ನಾನು ಒಪ್ಪಲಾರೆ.

ಆ ಮಾತನ್ನಾಡುವವರು ಸುಳ್ಳಾಡುತ್ತಿಲ್ಲ. ಅವರಿಗೆ ಹಾಗೆ ಅನ್ನಿಸಿರುವುದು ನಿಜವೇ. ಶಿಡ್ಲಘಟ್ಟದ ರೇಷ್ಮೆ ರೀಲರೊಬ್ಬರು ಜಾತಕ ಹಿಡಿದು ಹೋದರೆನ್ನಿ. “ನೋಡುವುದಕ್ಕೆ ಗಟ್ಟಿ, ಒಳಗೆ ಮನಸ್ಸು ಬಲು ಮೃದು, ದುಡ್ಡು ಬರುತ್ತದೆ, ಕೈಯಲ್ಲಿ ನಿಲ್ಲುವುದಿಲ್ಲ, ಎಷ್ಟು ಮಾಡಿದರೂ ನಿಮಗೆ ಹೆಸರಿಲ್ಲ, ನಂಬಿದವರೇ ಒಮ್ಮೆ ಕೈಕೊಟ್ಟಿದ್ದಾರೆ” ಎಂಬ ಫಲವನ್ನು ಕೇಳಿದೊಡನೆ, ಗೂಡಿನ ದರ ಏರಿಳಿದಾಗ ಕರಗಿದ ಬಂಡವಾಳವೂ ಸಾಲ ಕೊಡದೆ ಜಾರಿಕೊಂಡ ಬಂಧುವೂ ಅವರ ನೆನಪಿಗೆ ತಾವಾಗಿಯೇ ಬರುವುವು. ವಿವರಗಳನ್ನು ತುಂಬಿದವರು ಕೇಳಿದವರೇ. ಹೇಳಿದವರು ಒದಗಿಸಿದ್ದು ಬರಿಯ ಚೌಕಟ್ಟು. ಅದೇ ನಾಲ್ಕು ವಾಕ್ಯಗಳನ್ನು ಚಿಂತಾಮಣಿಯ ಮಂಡಿ ವರ್ತಕರಿಗೋ ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರಿಗೋ ಹೇಳಿ ನೋಡಿ, ಅವರೂ ತಲೆದೂಗುವರು.

ಇದು ಕೇವಲ ನನ್ನ ಊಹೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಸ್ವಭಾವಪರೀಕ್ಷೆಯೊಂದನ್ನು ನಡೆಸಿ, ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಬರೆದುದೆಂಬ ಭಾವನೆ ಬರುವಂತೆ ಒಂದೊಂದು ವಿವರಣೆಯನ್ನು ಹಂಚಿದನು. 5 ಅಂಕಗಳಿಗೆ ಸರಾಸರಿ 4.26ರಷ್ಟು ಯಥಾರ್ಥವೆಂದು ಅವರು ಅದನ್ನು ಮೆಚ್ಚಿದರು. ಆದರೆ ಎಲ್ಲರ ಕೈಗೂ ದೊರೆತದ್ದು ಒಂದೇ ವಿವರಣೆ. ಅದರ ವಾಕ್ಯಗಳನ್ನು ಫೋರರ್ ಬಹುಮಟ್ಟಿಗೆ ಅಂಗಡಿಯಲ್ಲಿ ಮಾರುವ ಜ್ಯೋತಿಷದ ಪುಸ್ತಕದಿಂದಲೇ ಆಯ್ದುಕೊಂಡಿದ್ದನು. ಬಾರ್ನಮ್ ಎಂಬ ಸರ್ಕಸ್ ಒಡೆಯನ ಹೆಸರಿನಿಂದ ಇದನ್ನು ಬಾರ್ನಮ್ ಪರಿಣಾಮವೆಂದು ಕರೆಯುವುದು ಆಮೇಲೆ ರೂಢಿಗೆ ಬಂದಿತು.

ನಮ್ಮ ಜಾತಕಪದ್ಧತಿಗೆ ಇನ್ನೂ ಸಮೀಪವಾದ ಪ್ರಯೋಗವನ್ನು ಸ್ನೈಡರ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲಿ ನಡೆಸಿದನು. ಒಂದು ಗುಂಪಿನಿಂದ ಜನನದ ಯಾವ ವಿವರವನ್ನೂ ಕೇಳದೆ, ಮತ್ತೊಂದರಿಂದ ವರ್ಷ ಮಾಸಗಳನ್ನು ಮಾತ್ರ ಕೇಳಿ, ಮೂರನೆಯದರಿಂದ ದಿನವನ್ನೂ ಕೇಳಿ, ಮೂರು ಗುಂಪುಗಳಿಗೂ ಒಂದೇ ಫಲವನ್ನು ಕೊಟ್ಟಾಗ, ಕೇಳಿದ ವಿವರ ಹೆಚ್ಚಿದಂತೆಲ್ಲ ಫಲ ನಿಜವೆಂಬ ಭಾವನೆಯೂ ಹೆಚ್ಚಿತು. ಘಳಿಗೆ, ಲಗ್ನ, ನಕ್ಷತ್ರಪಾದಗಳನ್ನು ಗುಣಿಸಿ ಕುಂಡಲಿ ಬರೆಯುವ ನಮ್ಮಲ್ಲಿ ಈ ಭಾವನೆ ಎಷ್ಟು ಬಲವಾಗಿರಬೇಕೆಂಬುದನ್ನು ಓದುಗರೇ ಊಹಿಸಬಹುದು. ಅಲ್ಲದೆ ಫಲ ತಪ್ಪಿದಾಗ “ಜನನಕಾಲ ಸರಿಯಾಗಿ ಬರೆದಿಲ್ಲ” ಎಂಬ ಸಮಾಧಾನಕ್ಕೂ ಆ ಸೂಕ್ಷ್ಮಗಣಿತವೇ ಆಸರೆಯಾಗುತ್ತದೆ.

ಆದಕಾರಣ ಕೇಳಬೇಕಾದ ಪ್ರಶ್ನೆ ಫಲವು ನಿಜವೆನಿಸಿತೇ ಎಂಬುದಲ್ಲ. ಜಾತಕವನ್ನು ಮಾತ್ರ ನೋಡಿ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಲು ಸಾಧ್ಯವೇ ಎಂಬುದು. ಈ ಪ್ರಶ್ನೆಯನ್ನು ಭಾರತೀಯ ಜ್ಯೋತಿಷಕ್ಕೇ ಒಡ್ಡಿದವರು ಖಗೋಳವಿಜ್ಞಾನಿ ಜಯಂತ ನಾರಳೀಕರರು, ನರೇಂದ್ರ ದಾಭೋಲ್ಕರರು ಮತ್ತು ಅವರ ಸಂಗಡಿಗರು. ಮಹಾರಾಷ್ಟ್ರದಲ್ಲಿ 100 ಮಂದಿ ಪ್ರತಿಭಾವಂತ ಮಕ್ಕಳ, 100 ಮಂದಿ ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಸಿದ್ಧಪಡಿಸಿ ಕಲಸಿ, ಮುಂದೆ ಬಂದ ಪ್ರತಿ ಜ್ಯೋತಿಷಿಗೂ 40 ಜಾತಕಗಳನ್ನು ಕಳುಹಿಸಿ, ಯಾವುದು ಯಾರದೆಂದು ಗುರುತಿಸುವಂತೆ ಕೇಳಿದರು. 51 ಮಂದಿ ಜ್ಯೋತಿಷಿಗಳಲ್ಲಿ ಉತ್ತರ ಕಳುಹಿಸಿದವರು 27 ಮಂದಿ. ಅವರ ಉತ್ತರಗಳಲ್ಲಿ ಸರಿಯಾದವು ಸರಾಸರಿ ಶೇಕಡಾ 46. ನಾಣ್ಯ ಚಿಮ್ಮಿ ಹೇಳಿದ್ದರೆ ಸುಮಾರು ಶೇಕಡಾ 50 ಸರಿಯಾಗುತ್ತಿತ್ತು. ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2009ರಲ್ಲಿ ಈ ಫಲಿತಾಂಶ ಅಚ್ಚಾಯಿತು. ಇದು ಬುದ್ಧಿಶಕ್ತಿಯನ್ನು ಕುರಿತ ಒಂದು ಪರೀಕ್ಷೆ ಮಾತ್ರ, ಸಾಲಾವಳಿಯನ್ನಾಗಲಿ ಆಯುಷ್ಯವನ್ನಾಗಲಿ ಅದು ಮುಟ್ಟಿಲ್ಲವೆಂಬುದು ದಿಟ. ಆದರೆ ಇಂಥ ಸ್ಥೂಲವಾದ ಭೇದವೇ ಕುಂಡಲಿಯಲ್ಲಿ ಕಾಣದಿದ್ದರೆ, ಕುಜದೋಷವೆಂದು ಹೆಣ್ಣುಮಗಳೊಬ್ಬಳ ವಿವಾಹವನ್ನು ತಡೆಯುವ ಅಧಿಕಾರ ಅದಕ್ಕೆ ಎಲ್ಲಿಂದ ಬಂದಿತು?

ನಮ್ಮ ನಾಲ್ಕು ತಾಲ್ಲೂಕುಗಳ ಜ್ಯೋತಿಷಿಗಳಲ್ಲಿ ನನ್ನ ವಿನಂತಿ ಇಷ್ಟೆ. ಪರಿಚಯವಿಲ್ಲದ ಐದು ಮಂದಿಯ ಜನನವಿವರಗಳನ್ನು ಮಧ್ಯಸ್ಥರೊಬ್ಬರಿಂದ ಪಡೆದು, ಮುಖ ನೋಡದೆ, ಪ್ರಶ್ನೆ ಕೇಳದೆ, ಐದು ಫಲಗಳನ್ನು ಬರೆದುಕೊಡಿ. ವಯಸ್ಸು, ಊರು, ಹೆಸರುಗಳ ಸುಳಿವಿಲ್ಲದಂತೆ ಆ ಐದನ್ನೂ ಪ್ರತಿಯೊಬ್ಬರ ಮುಂದಿಟ್ಟಾಗ ತನ್ನದು ಯಾವುದೆಂದು ಅವರು ಆರಿಸಲಿ. ಯಾವ ಶಾಸ್ತ್ರವೂ ಇಲ್ಲದೆ ಸರಾಸರಿ ಐವರಲ್ಲಿ ಒಬ್ಬರ ಆಯ್ಕೆ ಸರಿಯಾಗುವುದು. ಹತ್ತಾರು ಗುಂಪುಗಳಲ್ಲಿ ಹೀಗೆ ಮಾಡಿ, ಅದಕ್ಕಿಂತ ಎಷ್ಟು ಮೇಲೇರಿದಿರೆಂಬುದನ್ನು ಬಹಿರಂಗವಾಗಿ ಪ್ರಕಟಿಸಿರಿ. ಅಲ್ಲಿಯವರೆಗೆ ಜಾತಕದ ಹೆಸರಿನಲ್ಲಿ ಯಾವ ಮನೆಯ ಸಂಬಂಧವನ್ನೂ ಮುರಿಯಬೇಡಿರಿ.