ಮತದಾರರ ಪಟ್ಟಿಯಲ್ಲಿ ಹೆಸರಿದೆ, ಆದ್ರೆ ವೋಟಿದೆಯಾ? ಆಳಂದ ಕಲಿಸಿದ ಪಾಠ

ಕಲಬುರಗಿ: ಮತದಾರರ ಪಟ್ಟಿಯ ಒಂದು ಪುಟದಲ್ಲಿ 30 ಚೌಕಗಳು. ಅಡ್ಡಕ್ಕೆ ಮೂರು, ಉದ್ದಕ್ಕೆ ಹತ್ತು. ಪ್ರತಿ ಚೌಕದಲ್ಲೂ ಕ್ರಮ ಸಂಖ್ಯೆ, ವೋಟರ್ ಐಡಿ ನಂಬರ್, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು, ಲಿಂಗ. ಇರುವೆ ಸಾಲಿನಂಥ ಈ ಅಕ್ಷರಗಳನ್ನ ಕೂತು ಓದೋರು ಕಮ್ಮಿ. ಆಳಂದದಲ್ಲಿ ಆಟ ನಡೆದದ್ದು ಇಂಥ ಪಟ್ಟಿಯ ಮೇಲೇ.

2023ರ ವಿಧಾನಸಭೆ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಿರಿ ಅಂತ 6,018 ಫಾರಂ-7 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದವು. ಮನೆ ಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಿದ್ದದ್ದು ಬರೀ 24. ಉಳಿದ 5,994 ಅರ್ಜಿ ತಿರಸ್ಕಾರವಾದವು, ಆ ಹೆಸರುಗಳು ಉಳಿದವು. 2018ರಲ್ಲಿ ಇದೇ ಕ್ಷೇತ್ರದ ಗೆಲುವಿನ ಅಂತರ 697 ಮತ. ಹಾಗಾಗಿ 5,994 ಸಣ್ಣ ಸಂಖ್ಯೆ ಅಲ್ಲ.

ಫಾರಂ-7 ಹಾಕೋರು ಅದೇ ಕ್ಷೇತ್ರದ ಮತದಾರರೇ ಆಗಿರಬೇಕು. ಅಂದ್ರೆ ಅರ್ಜಿಗೆ ಪಟ್ಟಿಯೊಳಗಿನ ಒಂದು ಹೆಸರು ಬೇಕು. ಹಲವು ಅರ್ಜಿಗಳಲ್ಲಿ ಆಯಾ ಬೂತ್‌ನ ಕ್ರಮ ಸಂಖ್ಯೆ 1ರ ಮತದಾರರ ಹೆಸರನ್ನೇ ಬಳಸಲಾಗಿದೆ ಅಂತ ರಾಹುಲ್ ಗಾಂಧಿ 2025ರ ಸೆಪ್ಟೆಂಬರ್‌ನಲ್ಲಿ ಆರೋಪಿಸಿದರು. ಅದೇ ತಿಂಗಳು ರಾಜ್ಯ ಸರ್ಕಾರ ತನಿಖೆಗೆ ಎಸ್‌ಐಟಿ ರಚಿಸಿತು. ಆನ್‌ಲೈನ್‌ನಲ್ಲಿ ಯಾರೂ ನೇರವಾಗಿ ಹೆಸರು ಅಳಿಸೋಕೆ ಆಗಲ್ಲ, ಸಂಬಂಧಪಟ್ಟವರ ಮಾತು ಕೇಳದೆ ತೆಗೆಯೋ ಹಾಗಿಲ್ಲ ಅನ್ನೋದು ಚುನಾವಣಾ ಆಯೋಗದ ಉತ್ತರ. ನಿಯಮ ಹಾಗೇ ಇದೆ. ಆದ್ರೆ ಅದು ನಿಂತಿರೋದು ಬಿಎಲ್‌ಒ ನಿಜವಾಗಿ ಮನೆ ಬಾಗಿಲಿಗೆ ಹೋಗ್ತಾರಾ ಅನ್ನೋದರ ಮೇಲೆ.

ಅದಕ್ಕೇ ಪುಟ ನೋಡೋದು ಗೊತ್ತಿರಬೇಕು. ವೆಬ್‌ಸೈಟಿನ ಪಿಡಿಎಫ್ ಫೋಟೊ ರೂಪದಲ್ಲಿರುತ್ತೆ, ಹೆಸರು ಟೈಪ್ ಮಾಡಿ ಹುಡುಕಿದ್ರೆ ಸಿಗಲ್ಲ. ಕ್ರಮ ಸಂಖ್ಯೆ ಗೊತ್ತಿದ್ರೆ ಲೆಕ್ಕ ಸುಲಭ. ಉದಾಹರಣೆಗೆ 412 ಅಂದ್ರೆ ಹೆಸರುಗಳ 14ನೇ ಪುಟ, ಯಾಕಂದ್ರೆ 13 ಪುಟಕ್ಕೆ 390 ಮುಗಿಯುತ್ತೆ. ಶುರುವಿನ ವಿವರದ ಪುಟಗಳನ್ನ ಲೆಕ್ಕದಿಂದ ಬಿಡಬೇಕು.

ಚೌಕ ಸಿಕ್ತು ಅಂತ ಸಮಾಧಾನ ಪಡಬೇಡಿ. ತೆಗೆದ ಹೆಸರು ಪುಟದಿಂದ ಕೂಡಲೇ ಮಾಯವಾಗಲ್ಲ. ಚೌಕದ ಮೇಲೆ ಅಡ್ಡಡ್ಡ ಅಳಿಸಿದ ಗುರುತು ಬೀಳುತ್ತೆ, ಕ್ರಮ ಸಂಖ್ಯೆ ಹತ್ತಿರ ಒಂದು ಅಕ್ಷರ ಇರುತ್ತೆ. E ಅಂದ್ರೆ ತೀರಿಕೊಂಡವರು, S ಅಂದ್ರೆ ಬೇರೆ ಕಡೆ ಹೋದವರು, R ಅಂದ್ರೆ ಎರಡು ಸಲ ಇದ್ದವರು. ಬದುಕಿರೋರ ಚೌಕದಲ್ಲಿ E ಕಂಡರೆ ತಡ ಮಾಡದೆ ಬಿಎಲ್‌ಒ ಹತ್ತಿರ ಹೋಗಬೇಕು, ಹೆಸರು ಮತ್ತೆ ಸೇರಿಸೋಕೆ ಫಾರಂ-6 ಕೊಡಬೇಕು. ತೆಗೆದ ಆದೇಶ ತಪ್ಪು ಅನಿಸಿದ್ರೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ಇದೆಲ್ಲಕ್ಕೂ ಗಡುವಿದೆ. ನಾಮಪತ್ರ ಸಲ್ಲಿಕೆಯ ಕೊನೇ ದಿನ ಮುಗಿದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸೋಕೆ ಬರಲ್ಲ. ಮತದಾನದ ದಿನ ಬೂತ್ ಮುಂದೆ ಐಡಿ ಕಾರ್ಡ್ ಹಿಡಿದು ಜಗಳ ಆಡಿದ್ರೂ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ವೋಟಿಲ್ಲ.